ಕೆಂಪಾದ ಮೂರು ಇನ್‌ವಾಯ್ಸ್‌ಗಳು

ಅನಸೂಯ ನ್ಯೂಜೆರ್ಸಿಯ ಮನ್ರೋ ಊರಿನ ಮನೆಯಿಂದ ಮಾರಿಸ್‌ಟೌನಿನ ಆಫೀಸಿಗೆ ಹೊರಡುವುದು ಬೆಳಗಿನ ಐದೂವರೆಗೆ. ಆ ಹೊತ್ತಿಗೆ ಹೊರಟರೆ ಆರೂವರೆಗೆಲ್ಲ ಸೀಟಿನಲ್ಲಿ ಕೂತಿರಬಹುದು. ಅರ್ಧ ಗಂಟೆ ತಡವಾದರೆ ೨೮೭ನೇ ಹೆದ್ದಾರಿಯ ಮೇಲೆ ಲಾರಿಗಳ ಹಿಂದೆ ಒಂದು ಗಂಟೆ ಹೆಚ್ಚು ಕಳೆಯಬೇಕು. ಅದೂ ಅಲ್ಲದೆ ಮಾರಿಸ್‌ಟೌನಿನಲ್ಲಿ ಆರೂವರೆ ಎಂದರೆ ಟರ್ಕಿಯಲ್ಲಿ ಮಧ್ಯಾಹ್ನ ಒಂದೂವರೆ. ಅವಳ ಕೆಲಸವೆಲ್ಲ ಅಲ್ಲಿಯವರ ಜೊತೆಗೇ.

ಅವಳಿಗೆ ಐವತ್ತೊಂದು ವರ್ಷ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ನ್ಯೂಜೆರ್ಸಿಗೆ ಬಂದು, ಇಪ್ಪತ್ತು ವರ್ಷ ಅಮೆರಿಕದ ಸಂಬಳಪಟ್ಟಿಯ ಸಾಫ್ಟ್‌ವೇರ್ ಬರೆದವಳು. ನಾಲ್ಕು ವರ್ಷದ ಕೆಳಗೆ ಅವಳ ಕಂಪನಿ ಇಜ್ಮಿರ್ ನಗರದ ಒಂದು ಸಣ್ಣ ಆ್ಯಪನ್ನು ಕೊಂಡುಕೊಂಡಿತು. ಅದರ ಹೆಸರು ನಾರ್, ಅಂದರೆ ದಾಳಿಂಬೆ. ಟರ್ಕಿಯ ಸಣ್ಣಪುಟ್ಟ ವ್ಯಾಪಾರಿಗಳು, ದರ್ಜಿಗಳು, ಪ್ಲಂಬರುಗಳು ಲೆಕ್ಕ ಬರೆದುಕೊಳ್ಳುವುದಕ್ಕೆ, ಇನ್‌ವಾಯ್ಸ್ ಕಳಿಸುವುದಕ್ಕೆ ಬಳಸುವ ಆ್ಯಪ್. ಮೊದಲು ಅದನ್ನು ನೋಡಿಕೊಳ್ಳಲು ಮಾರಿಸ್‌ಟೌನಿನಲ್ಲಿ ಹನ್ನೊಂದು ಜನರಿದ್ದರು. ಎರಡು ಸಲ ಲೇಆಫ್ ಆಗಿ ಈಗ ನಾಲ್ವರು ಉಳಿದಿದ್ದರು. ಹನ್ನೊಂದು ಜನರ ಕೆಲಸ ಮಾತ್ರ ಅಷ್ಟೇ ಇತ್ತು. ಅನಸೂಯಳಿಗೆ ಬರುತ್ತಿದ್ದ ಟರ್ಕಿಶ್ ಪದಗಳು ನಲವತ್ತು ಇದ್ದಾವು. ಎಲ್ಲವೂ ತೆರಿಗೆಗೆ ಸಂಬಂಧಿಸಿದವು. ನೀರು ಕೇಳುವುದು ಹೇಗೆಂದು ಗೊತ್ತಿರಲಿಲ್ಲ, ತೆರಿಗೆ ಮುರಿದುಕೊಳ್ಳುವುದಕ್ಕೆ ಏನೆನ್ನುತ್ತಾರೆಂದು ಗೊತ್ತಿತ್ತು.

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಅವಳು ಕೋಟನ್ನೂ ಬಿಚ್ಚಿರಲಿಲ್ಲ, ಜೆಹ್ರಾ ಫೋನ್ ಮಾಡಿದಳು. ಜೆಹ್ರಾ ಇಜ್ಮಿರಿನಲ್ಲಿ ಗ್ರಾಹಕರ ದೂರು ಕೇಳುವ ಐದು ಜನರ ಮುಖ್ಯಸ್ಥೆ. ಇಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ, ಇಬ್ಬರದೂ ಬೇರೆ ಬೇರೆ ಊರಿನ ಇಂಗ್ಲಿಷು.

"ಅನಸೂಯ, ಕೂತಿದ್ದೀಯಾ? ಡೆನಿಜ್ಲಿ ಊರಿನಿಂದ ಒಬ್ಬರು ಹೆಂಗಸು ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದಾರೆ. ನೂರ್ಹಾನ್ ಅಂತ. ಒಂಬತ್ತು ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾರೆ. ದೊಡ್ಡ ಕಂಪನಿಯೊಂದು ಬಟ್ಟೆ ಕೊಡುತ್ತೆ, ಇವರು ಸ್ನಾನದ ಗೌನು ಹೊಲಿದು ಕೊಡುತ್ತಾರೆ. ಕಳೆದ ಬುಧವಾರ ಒಂದೇ ಬಿಲ್ಲನ್ನ ಮೂರು ಸಲ ಕಳಿಸಿದ್ದಾರೆ."

"ಮೂರು ಸಲ ಯಾಕೆ?"

"ಯಾಕೆಂದರೆ ಮೂರು ಸಲವೂ ನಮ್ಮ ಆ್ಯಪ್ ಕೆಂಪು ತೋರಿಸಿತು. 'ಕಳಿಸಲಾಗಲಿಲ್ಲ' ಅಂತ. ಆದರೆ ಮೂರೂ ಹೋಗಿವೆ. ಆ ಕಂಪನಿಯವರು ಈಗ ಯಾವುದಕ್ಕೂ ದುಡ್ಡು ಕೊಡೋದಿಲ್ಲ ಅಂತಿದ್ದಾರೆ. ನಾಳಿದ್ದು ಇವರು ಹೊಲಿಗೆಯವರಿಗೆ ಸಂಬಳ ಕೊಡಬೇಕು."

ಅನಸೂಯ ಕೋಟು ಹಾಕಿಕೊಂಡೇ ಕೂತು ಆ ಮೂರು ಇನ್‌ವಾಯ್ಸ್‌ಗಳ ದಾಖಲೆ ತೆಗೆದಳು.

ಟರ್ಕಿಯಲ್ಲಿ ನೋಂದಾಯಿತ ವ್ಯಾಪಾರಿಗಳ ನಡುವಿನ ಇನ್‌ವಾಯ್ಸ್ ಕಾಗದದ ಮೇಲೆ ಹೋಗುವುದಿಲ್ಲ. ಮಾರುವವನ ಆ್ಯಪಿನಿಂದ ಹೊರಟು, ಒಂದು ಎಲೆಕ್ಟ್ರಾನಿಕ್ ಲಕೋಟೆಯೊಳಗೆ, ಸರ್ಕಾರದ ಕಂದಾಯ ಇಲಾಖೆಯ ಕಂಪ್ಯೂಟರಿನ ಮೂಲಕ ಕೊಳ್ಳುವವನಿಗೆ ತಲುಪುತ್ತದೆ. ದಾರಿಯ ಒಂದೊಂದು ಹಂತಕ್ಕೂ ಒಂದೊಂದು ನಂಬರು. ಸಾವಿರ ಎಂದರೆ ಸಾಲಿನಲ್ಲಿ ನಿಂತಿದೆ. ಸಾವಿರದ ಇನ್ನೂರು ಎಂದರೆ ಲಕೋಟೆ ಸರಿಯಾಗಿದೆ. ಸಾವಿರದ ಮುನ್ನೂರು ಎಂದರೆ ತಲುಪಿತು, ಮುಗಿಯಿತು. ಇವೆರಡರ ನಡುವೆ ಸಾವಿರದ ಇನ್ನೂರ ಇಪ್ಪತ್ತು ಎಂದೊಂದಿದೆ: ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಅದು ತಪ್ಪಲ್ಲ, ಸೋಲೂ ಅಲ್ಲ. ಕಾಯಬೇಕು, ಅಷ್ಟೆ.

ಬುಧವಾರ ಮತ್ತು ಗುರುವಾರ, ಕೊಳ್ಳುವ ಕಂಪನಿಗಳ ಪರವಾಗಿ ಇನ್‌ವಾಯ್ಸ್ ಸ್ವೀಕರಿಸುವ ಒಂದು ಮಧ್ಯವರ್ತಿ ಸಂಸ್ಥೆಯ ಸರ್ವರು ಮಲಗಿತ್ತು. ಅಲ್ಲಿಗೆ ಹೋದ ಲಕೋಟೆಗಳೆಲ್ಲ ಸಾವಿರದ ಇನ್ನೂರ ಇಪ್ಪತ್ತರಲ್ಲಿ, ಆಫೀಸಿನವರ ಬಾಯಲ್ಲಿ ಬರೀ ಇನ್ನೂರ ಇಪ್ಪತ್ತರಲ್ಲಿ, ನಿಂತವು. ನಾರ್ ಆ್ಯಪು ಅರ್ಧ ಗಂಟೆ ನೋಡಿತು, ಮುನ್ನೂರು ಬರಲಿಲ್ಲವೆಂದು ಕೆಂಪು ಬಣ್ಣ ಬಳಿಯಿತು. ಕೆಂಪಿನ ಪಕ್ಕದಲ್ಲಿ 'ಮತ್ತೆ ಕಳಿಸಿ' ಎಂಬ ಬಟನ್. ಅದನ್ನು ಒತ್ತಿದರೆ ಹಳೆಯದೇ ಹೋಗುವುದಿಲ್ಲ. ಹೊಸ ನಂಬರು, ಹೊಸ ಗುರುತಿನ ಹೊಸ ಇನ್‌ವಾಯ್ಸ್ ಹುಟ್ಟುತ್ತದೆ. ಸರ್ವರು ಎದ್ದ ಮೇಲೆ ಎಲ್ಲವೂ ತಲುಪಿದವು. ಆದರೆ ಒಮ್ಮೆ ಕೆಂಪು ಬಳಿದದ್ದರ ಗತಿ ಏನಾಯಿತೆಂದು ಆ್ಯಪು ಮತ್ತೆ ವಿಚಾರಿಸುವುದಿಲ್ಲ. ಸತ್ತವರ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡ ಹಾಗೆ.

ಅರ್ಧ ಗಂಟೆಗೆ ಕೆಂಪು ಬಳಿ ಎಂದು ಹೇಳುವ ಸಾಲು ಎಲ್ಲಿದೆಯೆಂದು ಅನಸೂಯ ಹುಡುಕಬೇಕಾಗಿರಲಿಲ್ಲ. ಆದರೂ ಹುಡುಕಿದಳು. ಮೂರು ವರ್ಷದ ಹಿಂದಿನ ಜೂನ್ ತಿಂಗಳು. ಬರೆದವರು: ಅನಸೂಯ.

ನೆನಪಿತ್ತು. ನ್ಯೂಯಾರ್ಕಿನ ಡಿಸೈನಿನವರು ಗ್ರಾಹಕನಿಗೆ ಹದಿನೈದು ಸ್ಥಿತಿ ತೋರಿಸಿದರೆ ಗಾಬರಿಯಾಗುತ್ತಾನೆ, ಮೂರೇ ಸಾಕು, ಹಸಿರು, ಹಳದಿ, ಕೆಂಪು ಎಂದಿದ್ದರು. ಹಳದಿ ಬಹಳ ಹೊತ್ತು ಇರಕೂಡದು ಎಂದಿದ್ದರು. ಶುಕ್ರವಾರ ಬಿಡುಗಡೆ ಇತ್ತು. ಅವಳು ಹೂಂ ಎಂದು ಬರೆದುಕೊಟ್ಟಿದ್ದಳು. ಅದಕ್ಕಿಂತ ಕೆಟ್ಟದ್ದು ಟಿಕೆಟುಗಳಲ್ಲಿ, ಅಂದರೆ ದೂರುಗಳ ದಾಖಲೆಯಲ್ಲಿ, ಸಿಕ್ಕಿತು. ಹದಿನಾಲ್ಕು ತಿಂಗಳ ಹಿಂದೆ ಜೆಹ್ರಾ ಬರೆದಿದ್ದಳು: "ಇನ್ನೂರ ಇಪ್ಪತ್ತನ್ನು ವಿಫಲ ಎಂದು ತೋರಿಸುವುದು ತಪ್ಪು, ಜನ ಎರಡೆರಡು ಸಲ ಕಳಿಸುತ್ತಾರೆ." ಅದರ ಕೆಳಗೆ ಅನಸೂಯಳದೇ ಉತ್ತರ: "ಉದ್ದೇಶಪೂರ್ವಕವಾಗಿಯೇ ಹೀಗಿದೆ. ಮುಚ್ಚಲಾಗಿದೆ." ಆ ದಿನ ಅವಳು ಅಂಥ ಇಪ್ಪತ್ತೆಂಟು ಟಿಕೆಟು ಮುಚ್ಚಿದ್ದಳು.

ಅವಳು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆಯಾಸ ಮಾತ್ರ ಆಯಿತು.

ಬುಧವಾರ, ಗುರುವಾರ ಕೆಂಪಾದವುಗಳಲ್ಲಿ ಒಂದೇ ದಿನ, ಒಬ್ಬನೇ ಗ್ರಾಹಕನಿಗೆ, ಒಂದೇ ಮೊತ್ತದ ಎರಡು ಅಥವಾ ಹೆಚ್ಚು ಇನ್‌ವಾಯ್ಸ್ ಹೋಗಿರುವ ಅಂಗಡಿಗಳೆಷ್ಟು ಎಂದು ಲೆಕ್ಕ ತೆಗೆದಳು. ಇನ್ನೂರ ಹನ್ನೆರಡು.

ಒಂಬತ್ತು ಗಂಟೆಗೆ ಅತುಲ್ ದೇಸಾಯಿ ಬಂದ. ಧಾರವಾಡದವನು, ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು, ಆದರೆ ಅವಳ ಮ್ಯಾನೇಜರ್. ಕನ್ನಡದವರು ಇಬ್ಬರೇ ಆದ್ದರಿಂದ ಬಾಗಿಲು ಮುಚ್ಚಿದರೆ ಮಾತು ಕನ್ನಡಕ್ಕೆ ಹೊರಳುತ್ತಿತ್ತು.

"ಏನ್ರೀ ಅಕ್ಕಾರ, ಮುಂಜಾನಿಂದ ಮಾರಿ ಹಿಂಗ್ ಮಾಡ್ಕೊಂಡ್ ಕುಂತೀರಿ?"

ಅವಳು ಹೇಳಿದಳು. ಅವನು ನಿಂತುಕೊಂಡೇ ಕೇಳಿದ, ಆಮೇಲೆ ಕೂತ.

"ಆ ಕೆಂಪು ಲೇಬಲ್ ಛೇಂಜ್ ಮಾಡೂದು ಮುಂದಿನ ಎರಡು ವಾರದ ಸ್ಪ್ರಿಂಟ್‌ನ್ಯಾಗ ಹಾಕೋಣ್ರಿ. ಅದೇನ್ ದೊಡ್ಡ ಮಾತಲ್ಲ."

"ಮುಂದಿನದಕ್ಕೆ ಅದು ಸರಿ ಅತುಲ್. ಆಗ್ಲೇ ಹೋಗಿರೋ ಇನ್‌ವಾಯ್ಸ್‌ಗಳು? ಅವುಗಳನ್ನ ಕ್ಯಾನ್ಸಲ್ ಮಾಡೋಕೆ ಎಂಟು ದಿನ ಅಷ್ಟೇ. ಬುಧವಾರದವು ಈ ಗುರುವಾರಕ್ಕೆ ಮುಗಿಯುತ್ವೆ. ಸರ್ಕಾರದ ಪೋರ್ಟಲ್‌ನಲ್ಲಿ ಒಬ್ರು ರಿಕ್ವೆಸ್ಟ್ ಹಾಕ್ಬೇಕು, ಇನ್ನೊಬ್ರು ಒಪ್ಕೋಬೇಕು. ಅದಾದ್ಮೇಲೆ ನೋಟರಿ, ರಿಜಿಸ್ಟರ್ಡ್ ಪೋಸ್ಟು ಅಂತ ಅಲೀಬೇಕು."

"ಎಲ್ಲಾರಿಗೂ ಮೇಲ್ ಹಾಕೂದಂದ್ರ ಲೀಗಲ್‌ಗೆ ತೋರಸಬೇಕಾಗ್ತದ. ತಪ್ಪು ನಮ್ದು ಅಂತ ನಾವ ಬರದು ಕೊಟ್ಟಂಗ ಆಗ್ತದಲ್ರಿ. ಅವ್ರು ಶುಕ್ರವಾರದೊಳಗ ಏನೂ ಹೇಳಂಗಿಲ್ಲ."

"ಶುಕ್ರವಾರ ಹೇಳಿದ್ರೆ ಏನು ಪ್ರಯೋಜನ?"

ಅತುಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಕೆಟ್ಟವನಲ್ಲ. ಎರಡೂ ಲೇಆಫಿನಲ್ಲಿ ಹೆಸರುಗಳ ಪಟ್ಟಿ ಬರೆದುಕೊಟ್ಟವನು ಅವನೇ. ಆಮೇಲೆ ಅವನ ಕೂದಲು ಹಣೆಯ ಎರಡೂ ಬದಿಗೆ ನರೆತಿತ್ತು.

"ಮೇಲ್ ಬೇಡ," ಎಂದಳು ಅನಸೂಯ. ಅದನ್ನು ಬೆಳಗಿನಿಂದ ಯೋಚಿಸಿಟ್ಟಿದ್ದಳು. "ಕೆಂಪಾಗಿರೋದನ್ನೆಲ್ಲ ಇನ್ನೊಂದು ಸಲ ವಿಚಾರಿಸೋ ಒಂದು ಪ್ರೋಗ್ರಾಮು, ಒಂದು ಜಾಬ್ ಓಡಿಸೋಣ. ಮುನ್ನೂರು ಅಂತ ಉತ್ತರ ಬಂದದ್ದು ಹಸಿರಾಗುತ್ತೆ. ಹಸಿರಾದ್ರೆ 'ನಿಮ್ಮ ಇನ್‌ವಾಯ್ಸ್ ತಲುಪಿದೆ' ಅಂತ ಆ್ಯಪೇ ನೋಟಿಫಿಕೇಶನ್ ಕಳಿಸುತ್ತೆ, ಯಾವಾಗಲೂ ಕಳಿಸೋ ಹಾಗೆ. ಎರಡು ಸಲ ತಲುಪಿದೆ ಅಂತ ಬಂದ್ರೆ ಅವರಿಗೇ ಗೊತ್ತಾಗುತ್ತೆ. ನಾವು ಏನೂ ಒಪ್ಕೊಳ್ತಾ ಇಲ್ಲ. ಇರೋದನ್ನ ಇದ್ದ ಹಾಗೆ ತೋರಿಸ್ತಾ ಇದ್ದೀವಿ. ಉಳಿದದ್ದು ಜೆಹ್ರಾ ಕಡೆಯವರು ಫೋನ್ ಮಾಡಿ ಹೇಳ್ತಾರೆ, ಅದು ಅವರ ದಿನದ ಕೆಲಸವೇ."

"ಜನ ಬಳಸೂ ಆ್ಯಪ್‌ನ್ಯಾಗ ಟೆಸ್ಟ್ ಇಲ್ದ ಓಡಸೂದು…"

"ಇವತ್ತು ಪೂರ್ತಿ ಟೆಸ್ಟ್ ಮಾಡ್ತೀನಿ. ನಾಳೆ ಬೆಳಿಗ್ಗೆ ಓಡಿಸ್ತೀನಿ. ಆ ಸಾಲು ಬರ್ದವಳು ನಾನು ಅತುಲ್. ಟಿಕೆಟ್ ಮುಚ್ಚಿದವಳೂ ನಾನೇ. ನಿಮ್ಮ ಹೆಸರು ಎಲ್ಲೂ ಇಲ್ಲ."

"ನನ್ನ ಹೆಸ್ರು ಇಲ್ಲಂದ್ರ ಹೆಂಗ್ರಿ, ಅಪ್ರೂವ್ ಮಾಡಾಂವ ನಾನ ಅಲ್ಲ?" ಎಂದು ಅತುಲ್ ಎದ್ದ. "ಓಡಸ್ರಿ. ಏನರ ಆದ್ರ ಇಬ್ರೂ ಕೂಡೇ ಮನಿಗೆ ಹೋಗೋಣು."

ಆ ದಿನ ಅವಳು ಊಟಕ್ಕೆ ಏಳಲಿಲ್ಲ. ಮನೆಗೆ ಬಂದಾಗ ಗಂಡ ಬದರೀನಾಥ ಹುಳಿ ಬಿಸಿ ಮಾಡಿಟ್ಟಿದ್ದ. ಅವನು ರಾಬಿನ್ಸ್‌ವಿಲ್ಲಿನ ಒಂದು ಗೋದಾಮಿನಲ್ಲಿ ಸರಕು ಯೋಜನೆ ನೋಡಿಕೊಳ್ಳುವವನು; ಆಯಾಸ ಅವನಿಗೂ ಹೊಸದಲ್ಲ. "ಯಾರ ಬಗ್ಗೆ ಯೋಚನೆ?" ಎಂದ. "ಒಂಬತ್ತು ಹೊಲಿಗೆ ಮೆಷಿನ್ ಇಟ್ಕೊಂಡಿರೋ ಒಬ್ಬರ ಬಗ್ಗೆ" ಎಂದಳು. ಅವನು ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದ.

ಬುಧವಾರ ಬೆಳಿಗ್ಗೆ ಏಳಕ್ಕೆ ಜಾಬ್ ಓಡಿಸಿದಳು. ಒಂದೊಂದು ಇನ್‌ವಾಯ್ಸಿನ ಗುರುತನ್ನೂ ಕಳಿಸಿ, ಉತ್ತರ ತಂದು, ಬಣ್ಣ ಬದಲಾಯಿಸುವ ಕೆಲಸ. ಪರದೆಯ ಮೇಲೆ ಸಾಲುಗಳು ಓಡಿದವು. ಮುನ್ನೂರು, ಮುನ್ನೂರು, ಮುನ್ನೂರು. ನಡುವೆ ಎಲ್ಲೋ ಒಂದೊಂದು ನಿಜವಾಗಿಯೂ ವಿಫಲವಾದದ್ದು. ಅಂಥವನ್ನು ಅದೇ ನಂಬರಿನಲ್ಲಿ, ಲಕೋಟೆ ಮಾತ್ರ ಹೊಸದು ಮಾಡಿ, ಕಳಿಸಬೇಕೆಂದು ಪಕ್ಕದಲ್ಲಿ ಬರೆದಿಟ್ಟುಕೊಂಡಳು. ನಲವತ್ತು ನಿಮಿಷದಲ್ಲಿ ಮುಗಿಯಿತು. ಇಜ್ಮಿರಿನಲ್ಲಿ ಫೋನುಗಳು ಒಂದೇ ಸಮನೆ ಹೊಡೆದುಕೊಳ್ಳತೊಡಗಿದವೆಂದು ಜೆಹ್ರಾ ಬರೆದಳು.

ಒಂದು ಗಂಟೆ ಬಿಟ್ಟು ಅವಳೇ ಫೋನ್ ಮಾಡಿದಳು.

"ಅನಸೂಯ, ನೀನು ಕೊಟ್ಟ ಪಟ್ಟಿಯಲ್ಲಿ ನೂರ್ಹಾನ್ ಅವರದು ಎರಡೇ ಇದೆ. ಅವರು ಕಳಿಸಿದ್ದು ಮೂರು ಅಂತ ಹೇಳಿದ್ದೆನಲ್ಲ?"

ಅನಸೂಯ ಮೂರನ್ನೂ ಪಕ್ಕಪಕ್ಕ ತೆರೆದಳು. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದ್ದು. ಮೊದಲೆರಡರ ಮೊತ್ತ ಎರಡು ಲಕ್ಷದ ಆರು ಸಾವಿರ ಲೀರಾ. ಮೂರನೆಯದು ಎರಡು ಲಕ್ಷದ ಇಪ್ಪತ್ತು ಸಾವಿರ.

"ಇದು ಬೇರೆ ಬಿಲ್ಲಲ್ಲವೇ?"

"ಅಲ್ಲ. ಕೆಳಗೆ ತೆರಿಗೆಯ ಸಾಲು ನೋಡು."

ನೋಡಿದಳು. ಮೂರರಲ್ಲೂ ಹೊಲಿಗೆಯ ಕೂಲಿ ಎರಡು ಲಕ್ಷವೇ. ಅದಕ್ಕೆ ಶೇಕಡಾ ಹತ್ತು ಮಾರಾಟ ತೆರಿಗೆ, ಇಪ್ಪತ್ತು ಸಾವಿರ. ಆದರೆ ಬಟ್ಟೆ ಹೊಲಿದುಕೊಡುವ ಕೂಲಿ ಕೆಲಸಕ್ಕೆ ಅಲ್ಲಿ ಬೇರೊಂದು ನಿಯಮವಿದೆ: ತೆರಿಗೆಯ ಹತ್ತು ಪಾಲಿನಲ್ಲಿ ಏಳು ಪಾಲನ್ನು ಕೆಲಸ ಕೊಟ್ಟ ಕಂಪನಿಯೇ ಹಿಡಿದಿಟ್ಟುಕೊಂಡು ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಟೆವ್‌ಕಿಫಾತ್ ಎನ್ನುತ್ತಾರೆ. ಹದಿನಾಲ್ಕು ಸಾವಿರ ಕಂಪನಿ ಕಟ್ಟುತ್ತದೆ, ಆರು ಸಾವಿರ ಮಾತ್ರ ನೂರ್ಹಾನ್ ಕೈಗೆ ಬರುತ್ತದೆ, ಅವಳು ಅದನ್ನು ಕಟ್ಟುತ್ತಾಳೆ. ಮೊದಲೆರಡು ಇನ್‌ವಾಯ್ಸ್‌ನಲ್ಲಿ ಆ ಸಾಲು ಸರಿಯಾಗಿಯೇ ಇತ್ತು. ಮೂರನೆಯದರಲ್ಲಿ ಇಲ್ಲ, ಪೂರ್ತಿ ಇಪ್ಪತ್ತು ಸಾವಿರ ಅವಳ ಬಿಲ್ಲಿಗೇ ಸೇರಿತ್ತು.

"ತೆಗೆದು ಹಾಕಿದ್ದಾರೆ," ಎಂದಳು ಜೆಹ್ರಾ. "ಎರಡು ಸಲ ಕೆಂಪು ಬಂತಲ್ಲ. ಯಾಕೆ ಅಂತ ನಮ್ಮ ಆ್ಯಪ್ ಹೇಳಲಿಲ್ಲ. ತೆರಿಗೆಯ ಸಾಲಿನಲ್ಲೇ ಏನೋ ತಪ್ಪಿರಬೇಕು ಅಂದುಕೊಂಡು ಸಂಜೆ ಅದನ್ನು ಅಳಿಸಿ ಕಳಿಸಿದ್ದಾರೆ. ಈಗ ಕಂಪನಿಯ ಗುಮಾಸ್ತೆ ತನ್ನ ಪುಸ್ತಕಕ್ಕೆ ಹತ್ತಿಸಿಕೊಂಡಿರೋದು ಆ ಮೂರನೆಯದನ್ನೇ, ಕೊನೆಯದು ಅಂತ."

ಕಾರಣ ಹೇಳದೆ ತಪ್ಪು ಎಂದರೆ, ಮನುಷ್ಯರು ಸರಿಯಿದ್ದುದನ್ನೇ ತಿದ್ದಲು ಹೋಗುತ್ತಾರೆ. ನೂರ್ಹಾನ್ ಒಬ್ಬಳೇ ಹಾಗೆ ಮಾಡಿರಲಾರಳು.

ಅನಸೂಯ ಒಟ್ಟು ಮೊತ್ತ ಬಿಟ್ಟು, ತೆರಿಗೆಗೆ ಮುಂಚಿನ ಮೊತ್ತವನ್ನು ಹೋಲಿಸಿ ಪಟ್ಟಿಯನ್ನು ಮತ್ತೆ ತೆಗೆದಳು. ಇನ್ನೂರ ಹನ್ನೆರಡು ಇದ್ದದ್ದು ಮುನ್ನೂರ ನಲವತ್ತೇಳು ಆಯಿತು. ಒಬ್ಬ ಕ್ಲೀನಿಂಗ್ ಕೆಲಸದವನು ಶೇಕಡಾ ಇಪ್ಪತ್ತರ ತೆರಿಗೆಯನ್ನು ಹತ್ತಕ್ಕೆ ಇಳಿಸಿ ಕಳಿಸಿದ್ದ. ಒಬ್ಬ ಬಡಗಿ ಒಂದು ಸಾಲನ್ನು ಒಡೆದು ಎರಡು ಮಾಡಿದ್ದ. ಇನ್ನೊಬ್ಬ ತೆರಿಗೆಯನ್ನೇ ಸೊನ್ನೆ ಮಾಡಿ, ವಿವರಣೆಯ ಜಾಗದಲ್ಲಿ ಏನೋ ಬರೆದಿದ್ದ. ಏನೆಂದು ಅವಳು ಜೆಹ್ರಾಳನ್ನು ಕೇಳಿದಳು.

"'ದಯವಿಟ್ಟು ಹೋಗು' ಅಂತ ಬರೆದಿದ್ದಾನೆ," ಎಂದಳು ಜೆಹ್ರಾ.

ಇಬ್ಬರೂ ನಗಬೇಕಿತ್ತು, ನಗಲಿಲ್ಲ.

"ಇದರಲ್ಲಿ ಕೆಲವು ನಿಜವಾಗಿಯೂ ಬೇರೆ ಬೇರೆ ಬಿಲ್ಲು ಇರಬಹುದು," ಎಂದಳು ಅನಸೂಯ. "ಒಂದೇ ದಿನ ಒಂದೇ ಕೂಲಿಯ ಎರಡು ಕೆಲಸ. ಮೆಷಿನ್ನಿಗೆ ಗೊತ್ತಾಗೋದಿಲ್ಲ. ನೀವು ಒಬ್ಬೊಬ್ಬರನ್ನೂ ಕೇಳಲೇಬೇಕು."

"ಮುನ್ನೂರ ನಲವತ್ತೇಳು ಜನರನ್ನ. ನಾವು ಐದು ಜನ, ಒಂದೂವರೆ ದಿನ."

"ಬುಧವಾರದವರನ್ನ ಮೊದಲು ಮಾಡಿ. ಗುರುವಾರ ಕಳಿಸಿದವರಿಗೆ ಇನ್ನೊಂದು ದಿನ ಇದೆ." ಆಮೇಲೆ, ಹೇಳದೆ ಬಿಡಲಾಗದೆ, ಹೇಳಿದಳು: "ಜೆಹ್ರಾ, ನೀನು ಹೋದ ವರ್ಷ ಇದನ್ನೇ ಬರೆದಿದ್ದೆ. ನಾನು ಮುಚ್ಚಿದೆ."

"ಗೊತ್ತು."

"ಯಾಕೆ ಮತ್ತೆ ಕೇಳಲಿಲ್ಲ?"

"ಆ ವಾರ ನೀನು ಮುಚ್ಚಿದ್ದು ಅದೊಂದೇ ಅಲ್ಲವಲ್ಲ," ಎಂದಳು ಜೆಹ್ರಾ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅನಸೂಯಳಿಗೆ ಹಗುರವಾಗುತ್ತಿತ್ತು. "ಪಟ್ಟಿ ಕಳಿಸು. ಶುರು ಮಾಡ್ತೀವಿ."

ಆ ಮಧ್ಯಾಹ್ನವೆಲ್ಲ ಅನಸೂಯ ಪಟ್ಟಿಯ ಒಂದೊಂದು ಸಾಲಿನ ಪಕ್ಕವೂ ಬರೆಯುತ್ತ ಹೋದಳು: ಯಾವುದು ಸರಿಯಾದ ಇನ್‌ವಾಯ್ಸ್, ಯಾವುದು ರದ್ದಾಗಬೇಕು, ತೆರಿಗೆ ಸಾಲಿನಲ್ಲಿ ಏನು ಬದಲಾಗಿದೆ. ಅದಿದ್ದರೆ ಫೋನಿನಲ್ಲಿ ಹುಡುಕುತ್ತ ಕೂರಬೇಕಾಗುವುದಿಲ್ಲ. ಅತುಲ್ ಸ್ಯಾಂಡ್‌ವಿಚ್ ತಂದು ಅವಳ ಮೇಜಿನ ಮೇಲಿಟ್ಟು, ತಾನೂ ಪಕ್ಕದ ಕುರ್ಚಿ ಎಳೆದುಕೊಂಡು ಪಟ್ಟಿಯ ಕೆಳಗಿನ ಅರ್ಧ ತೆಗೆದುಕೊಂಡ. ತೆರಿಗೆಯ ದರ ಅವನಿಗೆ ಅಷ್ಟಾಗಿ ತಿಳಿಯದು, ಐದು ನಿಮಿಷಕ್ಕೊಮ್ಮೆ "ಅಕ್ಕಾರ, ಇದು ಒಂಬತ್ತು ಪಾಲೋ ಏಳು ಪಾಲೋ?" ಎಂದು ಕೇಳುತ್ತಿದ್ದ. ಆರು ಗಂಟೆಗೆ ಮುಗಿಸಿದರು. ಅವಳು ಪಟ್ಟಿಯನ್ನು ಇಜ್ಮಿರಿಗೆ ಕಳಿಸಿ ಎದ್ದಳು.

ಗುರುವಾರ ಅವಳು ಆಫೀಸು ಮುಟ್ಟಿದಾಗ ಟರ್ಕಿಯಲ್ಲಿ ಒಂದೂವರೆ. ಅಲ್ಲಿ ಅಂಗಡಿ, ಕಚೇರಿ ಮುಚ್ಚಲು ಇನ್ನು ನಾಲ್ಕೂವರೆ ಗಂಟೆ ಉಳಿದಿತ್ತು. ಬುಧವಾರದವುಗಳಲ್ಲಿ ಇನ್ನೂರಕ್ಕೂ ಹೆಚ್ಚು ರದ್ದಾಗಿದ್ದವು. ನೂರ್ಹಾನ್‌ದು ಪೂರ್ತಿ ಆಗಿರಲಿಲ್ಲ.

"ಪೋರ್ಟಲ್‌ನಲ್ಲಿ ಎರಡಕ್ಕೂ ನಿನ್ನೆಯೇ ರಿಕ್ವೆಸ್ಟ್ ಹಾಕಿದ್ದಾರೆ," ಎಂದಳು ಜೆಹ್ರಾ. "ಎರಡನೆಯದಕ್ಕೆ ಕಂಪನಿ ಒಪ್ಪಿತು. ಮೂರನೆಯದು ಪುಸ್ತಕಕ್ಕೆ ಹತ್ತಿದೆ, ದೊಡ್ಡವರನ್ನು ಕೇಳದೆ ಒಪ್ಪಲ್ಲ ಅಂತ ಗುಮಾಸ್ತೆ ಕೂತಿದ್ದಾಳೆ. ದೊಡ್ಡವರು ಊರಲ್ಲಿಲ್ಲ. ನೂರ್ಹಾನ್ ಅವರು ನಿನ್ನ ಜೊತೆ ಮಾತಾಡಬೇಕಂತೆ. ಅಮೆರಿಕದವರ ಜೊತೆ ಅಂದರು. ನಾನು ನಡುವೆ ಹೇಳ್ತೀನಿ."

ನಾಲ್ಕು ವರ್ಷದಲ್ಲಿ ಒಬ್ಬ ಗ್ರಾಹಕನ ದನಿಯನ್ನೂ ಅನಸೂಯ ಕೇಳಿರಲಿಲ್ಲ.

ನೂರ್ಹಾನಳ ದನಿ ದಪ್ಪಗೆ, ಒಣಗಿದಂತೆ ಇತ್ತು. ಹಿಂದೆ ಮೆಷಿನ್ನುಗಳ ಸದ್ದು ಕೇಳುತ್ತಿತ್ತು. ಉದ್ದಕ್ಕೆ ಮಾತಾಡಿದಳು. ಜೆಹ್ರಾ ಚಿಕ್ಕದಾಗಿ ಹೇಳಿದಳು: "ಹೋಗಿತ್ತು ಅಂದಮೇಲೆ ಹೋಗಲಿಲ್ಲ ಅಂತ ಯಾಕೆ ತೋರಿಸಿದಿರಿ ಅಂತ ಕೇಳ್ತಿದ್ದಾರೆ."

"ಉತ್ತರ ಬರೋದು ತಡವಾಯಿತು. ತಡವಾದದ್ದನ್ನ ನಾವು ಹೋಗಲಿಲ್ಲ ಅಂತ ತೋರಿಸಿದ್ವಿ. ಅದು ತಪ್ಪು. ಹಾಗೆ ಬರೆದವಳು ನಾನೇ ಅಂತ ಹೇಳು."

"ಹೇಳಲೇಬೇಕಾ? ನಿಮ್ಮ ಲಾಯರುಗಳು…"

"ಹೇಳು."

ಹೇಳಿದಳು. ಆಮೇಲೆ ನೂರ್ಹಾನ್ ಏನೋ ಅಂದಳು.

"ಒಂಬತ್ತು ಜನ ಹೊಲಿಗೆಯವರಲ್ಲಿ ಆರು ಜನ ಹೆಂಗಸರಂತೆ. ಇವತ್ತು ಸಂಬಳ ಅಂತ ಹೇಳಿ ಕೂರಿಸಿದ್ದಾರಂತೆ. ತಪ್ಪು ಆ್ಯಪಿನದು ಅಂತ ನಾನು ಅವರಿಗೆ ಹೇಳಿದರೆ ಅವರ ಹೊಟ್ಟೆ ತುಂಬುತ್ತಾ ಅಂತ ಕೇಳ್ತಿದ್ದಾರೆ."

ಅನಸೂಯಳ ಕೈಯಲ್ಲಿದ್ದದ್ದು ದಾಖಲೆಗಳು ಮಾತ್ರ. "ಜೆಹ್ರಾ, ಆ ಗುಮಾಸ್ತೆಗೆ ಭಯ ಇರೋದು ಯಾವುದರದ್ದು? ಪುಸ್ತಕದಿಂದ ತೆಗೆದರೆ ತನ್ನ ತಲೆಗೆ ಬರುತ್ತೆ ಅಂತ ತಾನೆ? ಮೂರನೆಯದನ್ನ ಇಟ್ಟುಕೊಂಡರೆ ಅವಳಿಗೇ ಕಷ್ಟ. ಆ ಕಂಪನಿ ಹದಿನಾಲ್ಕು ಸಾವಿರ ಹಿಡಿದು ಕಟ್ಟಲೇಬೇಕಾದದ್ದನ್ನ ಹಿಡಿದಿಲ್ಲ ಅಂತ ಆಗುತ್ತೆ. ಮೂರು ಇನ್‌ವಾಯ್ಸ್‌ನ ಹೊತ್ತು, ನಂಬರು, ತೆರಿಗೆ ಸಾಲು, ಒಂದೊಂದರ ಸ್ಥಿತಿ ಯಾವಾಗ ಏನಾಗಿತ್ತು ಅಂತ ಒಂದು ಪುಟ ಮಾಡಿ ಕೊಡ್ತೀನಿ. ಅವಳು ಅದನ್ನ ಫೈಲಿಗೆ ಹಾಕ್ಕೊಳ್ಳಲಿ. ಯಾರಾದರೂ ಕೇಳಿದರೆ ತೋರಿಸಲಿ."

ಇಪ್ಪತ್ತು ನಿಮಿಷದಲ್ಲಿ ಮಾಡಿಕೊಟ್ಟಳು. ಜೆಹ್ರಾ ಅದನ್ನು ಟರ್ಕಿಶಿಗೆ ತಿರುಗಿಸಿ ಕಳಿಸಿದಳು. ಅತುಲ್ ಹಿಂದೆ ನಿಂತು ಓದಿದ. 'ಆ್ಯಪ್ ತಪ್ಪಾಗಿ ವಿಫಲ ಎಂದು ತೋರಿಸಿತು' ಎಂಬ ಸಾಲಿನ ಮೇಲೆ ಅವನ ಕಣ್ಣು ನಿಂತಿತು. ಓದಿ ಮುಗಿಸಿ ತನ್ನ ಸೀಟಿಗೆ ಹೋದ.

ಹತ್ತೂವರೆಯಾಯಿತು, ಅಲ್ಲಿ ಐದೂವರೆ. ಸುದ್ದಿಯಿಲ್ಲ. ಅನಸೂಯ ಬೇರೆ ಕೆಲಸ ಮಾಡಲು ನೋಡಿದಳು, ಆಗಲಿಲ್ಲ. ಹತ್ತು ಐವತ್ತಕ್ಕೆ ಮೂರನೆಯ ಇನ್‌ವಾಯ್ಸಿನ ದಾಖಲೆಯಲ್ಲಿ ಸ್ಥಿತಿ ಬದಲಾಯಿತು: ರದ್ದಾಗಿದೆ. ಎರಡು ನಿಮಿಷದ ಮೇಲೆ ಜೆಹ್ರಾ ಫೋನ್ ಮಾಡಿದಳು.

"ಗುಮಾಸ್ತೆ ಒಪ್ಪಿದಳು. ದೊಡ್ಡವರು ಫೋನಿಗೂ ಸಿಗಲಿಲ್ಲವಂತೆ. ನಿನ್ನ ಪುಟ ಪ್ರಿಂಟ್ ತೆಗೆದು, ತಾನೇ ಸಹಿ ಹಾಕಿ ಇಟ್ಟುಕೊಂಡಳಂತೆ."

"ದುಡ್ಡು?"

"ಮೊದಲನೇ ಇನ್‌ವಾಯ್ಸ್‌ಗೆ ಕೊಡ್ತಾರೆ. ಆದರೆ ಇವತ್ತಿನ ಪಾವತಿಯ ಹೊತ್ತು ಮುಗೀತು. ಸೋಮವಾರ."

"ಸಂಬಳ ಸೋಮವಾರವಾ?"

"ಅರ್ಧ ಇವತ್ತು ಕೊಟ್ಟರಂತೆ, ತಮ್ಮ ಅಕ್ಕನ ಹತ್ತಿರ ಸಾಲ ತಂದು. ಉಳಿದದ್ದು ಸೋಮವಾರ." ಜೆಹ್ರಾ ಮುಂದುವರಿಸಿದಳು, "ನಿನಗೆ ಒಂದು ಮಾತು ಹೇಳು ಅಂದರು. ಕಾಯಬೇಕಾದರೆ ಕಾಯಿರಿ ಅಂತ ಬರೆಯಿರಿ ಅಂದರು. ನಮಗೆ ಕಾಯೋದು ಗೊತ್ತು ಅಂದರು. ಆಮೇಲೆ, ವರ್ಷದ ಕೊನೆಗೆ ಬೇರೆ ಆ್ಯಪ್ ನೋಡಿಕೊಳ್ತೀನಿ ಅಂತಲೂ ಅಂದರು."

"ನೋಡಿಕೊಳ್ಳಲಿ," ಎಂದಳು ಅನಸೂಯ. ಬೇಸರದಿಂದ ಹೇಳಿದ್ದಲ್ಲ. ತಾನಾದರೂ ಹಾಗೇ ಮಾಡುತ್ತಿದ್ದಳು.

ಆ ಮಧ್ಯಾಹ್ನ ಅವಳು ಮೂರು ವರ್ಷದ ಹಿಂದಿನ ಆ ಸಾಲನ್ನು ಅಳಿಸಿದಳು. ಇನ್ನೂರ ಇಪ್ಪತ್ತಕ್ಕೆ ಹಳದಿಯೇ ಇರಲಿ, ಎಷ್ಟು ದಿನವಾದರೂ. ಪಕ್ಕದಲ್ಲಿ ಎರಡು ಪದ: ಉತ್ತರ ಬರಬೇಕಾಗಿದೆ. ಹಳದಿ ಇರುವವರೆಗೆ 'ಮತ್ತೆ ಕಳಿಸಿ' ಬಟನ್ ಕಾಣಿಸುವುದಿಲ್ಲ. ನಿಜವಾಗಿ ವಿಫಲವಾದದ್ದನ್ನು ಮತ್ತೆ ಕಳಿಸಿದರೆ ಹಳೆಯ ನಂಬರೇ ಹೋಗುತ್ತದೆ, ಮತ್ತು ಯಾಕೆ ವಿಫಲವಾಯಿತೆಂದು ಒಂದು ವಾಕ್ಯ ಬರುತ್ತದೆ. ಎಲ್ಲ ಸೇರಿ ಅರವತ್ತು ಸಾಲು ಕೋಡ್ ಆಗಲಿಲ್ಲ. ನ್ಯೂಯಾರ್ಕಿನ ಡಿಸೈನಿನವರು ಹಳದಿ ಬಹಳ ಹೊತ್ತು ಇರುವುದರ ಬಗ್ಗೆ ಕೇಳಿದಾಗ ಅತುಲ್ ತಾನೇ ಫೋನ್ ತೆಗೆದುಕೊಂಡು, ಬಾಗಿಲು ಹಾಕಿಕೊಂಡು, ಹತ್ತು ನಿಮಿಷ ಮಾತಾಡಿದ. ಹೊರಗೆ ಬಂದಾಗ ಕಿವಿ ಕೆಂಪಾಗಿತ್ತು.

"ಒಪ್ಪಿದ್ರೇನು?"

"ಒಪ್ಪಿಲ್ಲ ಖರೆ. ಸುಮ್ನ ಆದ್ರು."

ಶುಕ್ರವಾರ ಮಳೆ. ೨೮೭ರ ಮೇಲೆ ಎಲ್ಲೋ ಕಾರುಗಳು ಡಿಕ್ಕಿ ಹೊಡೆದು ಅವಳು ಏಳೂವರೆಗೆ ಆಫೀಸು ಮುಟ್ಟಿದಳು. ಗುರುವಾರ ಕಳಿಸಿದವರ ಗಡುವೂ ಅವತ್ತಿಗೆ ಮುಗಿಯುತ್ತಿತ್ತು. ಸಂಜೆಯ ಹೊತ್ತಿಗೆ ಲೆಕ್ಕ ಹೀಗಿತ್ತು: ಮುನ್ನೂರ ನಲವತ್ತೇಳರಲ್ಲಿ ಮೂವತ್ತೊಂದು ನಿಜವಾಗಿಯೂ ಬೇರೆ ಬಿಲ್ಲುಗಳು. ಇನ್ನೂರ ಅರವತ್ತು ಅಂಗಡಿಗಳವು ರದ್ದಾದವು. ಉಳಿದ ಐವತ್ತಾರು ಆಗಲಿಲ್ಲ. ಕೆಲವರು ಫೋನ್ ಎತ್ತಲಿಲ್ಲ, ಕೆಲವರ ಕಡೆಯ ಕಂಪನಿ ಒಪ್ಪಲಿಲ್ಲ, ಒಬ್ಬ ಆಸ್ಪತ್ರೆಯಲ್ಲಿದ್ದ. ಇನ್ನು ಆ ಐವತ್ತಾರು ಜನಕ್ಕೂ ನೋಟರಿಯೋ, ಲೆಕ್ಕಿಗರೋ, ಒಬ್ಬೊಬ್ಬರಿಗೆ ಒಂದೊಂದು ದಾರಿ ಹುಡುಕಬೇಕು.

ಅತುಲ್ ಹೊರಡುವಾಗ ಬಾಗಿಲ ಬಳಿ ನಿಂತು, "ಸೋಮವಾರ ಮಾಡೋಣ್ರಿ ಅಕ್ಕಾರ. ಮನಿಗೆ ಹೋಗ್ರಿ" ಎಂದ.

"ಜೆಹ್ರಾ ಸೋಮವಾರ ಬೆಳಿಗ್ಗೆ ಅವರಿಗೆ ಫೋನ್ ಮಾಡ್ಬೇಕು. ಅಷ್ಟರೊಳಗೆ ಆ ಪುಟಗಳು ಅವಳ ಕೈಲಿರ್ಬೇಕಲ್ಲ," ಎಂದಳು ಅನಸೂಯ. "ನೂರ್ಹಾನ್‌ಗೆ ಮಾಡಿಕೊಟ್ಟ ಹಾಗೇ. ಒಬ್ಬೊಬ್ಬರಿಗೆ ಒಂದು."

ಅತುಲ್ ಛತ್ರಿಯನ್ನು ಗೋಡೆಗೆ ಒರಗಿಸಿಟ್ಟು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದ. ಐವತ್ತಾರರಲ್ಲಿ ಮೊದಲನೆಯದು ಕೊನ್ಯಾ ಊರಿನ ಒಬ್ಬ ಪ್ರೆಸ್ಸಿನವನದು, ಎರಡು ಇನ್‌ವಾಯ್ಸ್. ಅನಸೂಯ ಮೇಜಿನ ದೀಪ ಹಾಕಿ, ಅವನ ಹೆಸರು, ಮೊದಲ ಇನ್‌ವಾಯ್ಸಿನ ನಂಬರು, ಅದು ಹೊರಟ ಹೊತ್ತು ಬರೆಯತೊಡಗಿದಳು.